ರೋಜಾ ತಿಂಗಳಲ್ಲಿ ಜಿಎಸ್‌ಟಿ ಆಫೀಸು: ಯಾವ ಕೆಲಸ ಎಷ್ಟು ಹೊತ್ತಿಗೆ

2025ರ ರಂಜಾನ್‌ನಲ್ಲಿ ತೆಲಂಗಾಣ ಸರ್ಕಾರ ತನ್ನ ಮುಸ್ಲಿಂ ನೌಕರರು ಸಂಜೆ 4ಕ್ಕೇ ಮನೆಗೆ ಹೊರಡಬಹುದು ಎಂದಿತು. ಆಂಧ್ರಪ್ರದೇಶವೂ ಒಂದು ಗಂಟೆ ಮುಂಚೆ ಬಿಡುವ ಆದೇಶ ಹೊರಡಿಸಿತು. ಪಾವಗಡದಿಂದಾಚೆ ನಾಲ್ಕು ಹೆಜ್ಜೆ ಇಟ್ಟರೆ ಆಂಧ್ರ, ಹಾಗಾಗಿ ಮಾತು ತುಮಕೂರಿಗೂ ಬಂತು. ಆದರೆ ಇಲ್ಲಿ ನಡೆದದ್ದೆಲ್ಲ ಆ ಒಂದು ಗಂಟೆ ಕೊಡಬೇಕೋ ಬೇಡವೋ ಎಂಬ ವಾದ. ಕೊಟ್ಟ ಮೇಲೆ ಆ ಗಂಟೆಯ ಕೆಲಸ ಎಲ್ಲಿ ಹೋಗುತ್ತದೆ ಎಂದು ಕೇಳಿದವರು ಕಡಿಮೆ.

ಸರ್ಕಾರಿ ಕಚೇರಿಯಲ್ಲಿ ಫೈಲು ನಾಳೆಗೆ ಉಳಿಯಬಹುದು. ಬಿ.ಎಚ್. ರಸ್ತೆಯ ಮಹಡಿಯ ಮೇಲೆ ಹತ್ತು ಜನ ಕೂತು ಮಂಡಿ ವರ್ತಕರ ಜಿಎಸ್‌ಟಿ ರಿಟರ್ನ್ ಹಾಕುವ ತೆರಿಗೆ ಸಲಹೆಗಾರರ ಆಫೀಸಿಗೆ ಆ ಅನುಕೂಲ ಇಲ್ಲ. 11ನೇ ತಾರೀಖು ಮಾರಾಟದ ವಿವರ ಹಾಕುವ ಜಿಎಸ್‌ಟಿಆರ್-1, 20ನೇ ತಾರೀಖು ತೆರಿಗೆ ಕಟ್ಟಿ ಸಲ್ಲಿಸುವ ಜಿಎಸ್‌ಟಿಆರ್-3ಬಿ. ತಡವಾದರೆ ದಿನಕ್ಕೆ 50 ರೂಪಾಯಿ ತಡ ಶುಲ್ಕ, ಕಟ್ಟಬೇಕಾದ ತೆರಿಗೆ ಬಾಕಿ ಇದ್ದರೆ ಅದರ ಮೇಲೆ ವರ್ಷಕ್ಕೆ ಶೇ 18 ಬಡ್ಡಿ. ದುಡ್ಡಿಗಿಂತ ಹೆಚ್ಚಾಗಿ ಪಾರ್ಟಿಯ ಮುಂದೆ ಮರ್ಯಾದೆ ಹೋಗುತ್ತದೆ. ಇಂಥ ಆಫೀಸಿನಲ್ಲಿ ವೇಳೆ ಕಡಿಮೆ ಮಾಡಿಯೂ ಕೆಲಸ ಉಳಿಸಿಕೊಳ್ಳುವುದು ಹೇಗೆ ಎಂಬುದನ್ನು ಒಂದು ಲೆಕ್ಕ ಇಟ್ಟುಕೊಂಡು ನೋಡೋಣ. ಹತ್ತು ಜನ, ಅದರಲ್ಲಿ ನಾಲ್ವರು ರೋಜಾ ಇರುವವರು. ತಿಂಗಳ ರಿಟರ್ನ್ ಹಾಕುವ ಪಾರ್ಟಿಗಳು 120. ನಾಲ್ವರಲ್ಲಿ ಇಬ್ಬರು ಖರೀದಿ ತಾಳೆ ನೋಡುವವರು, ಒಬ್ಬರು ಬಿಲ್ ಎಂಟ್ರಿ, ಒಬ್ಬರು ಪರಿಶೀಲನೆ.

ಮೊದಲು ದಿನದ ಆಕಾರ ಗೊತ್ತಿರಬೇಕು. ತುಮಕೂರು ಇರುವುದು ಹೆಚ್ಚುಕಡಿಮೆ 13 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಹಗಲು ವರ್ಷವಿಡೀ ಹೆಚ್ಚು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಫೆಬ್ರುವರಿ–ಮಾರ್ಚ್‌ನಲ್ಲಿ ರಂಜಾನ್ ಬಂದರೆ ಸಹರಿ ಮುಗಿಯುವುದು ಬೆಳಗಿನ ಐದೂವರೆಯ ಆಸುಪಾಸು, ಇಫ್ತಾರ್ ಸಂಜೆ ಆರೂವರೆಯ ಆಸುಪಾಸು. ಸುಮಾರು 13 ಗಂಟೆಯ ಉಪವಾಸ, ನೀರೂ ಇಲ್ಲ. ಇಷ್ಟು ಎಲ್ಲರಿಗೂ ಗೊತ್ತು. ಆಫೀಸಿನವರು ಮರೆಯುವುದು ರಾತ್ರಿಯನ್ನು. ಇಶಾ ಆದ ಮೇಲೆ ತರಾವೀಹ್ ನಮಾಜ್ ಮುಗಿಸಿ ಮನೆಗೆ ಬರುವಾಗ ಹತ್ತು ಆಗಿರುತ್ತದೆ, ಮಲಗುವಾಗ ಹನ್ನೊಂದು. ಸಹರಿ ಅಡುಗೆಗೆ ಹೆಂಗಸರು ನಾಲ್ಕಕ್ಕೇ ಏಳುತ್ತಾರೆ, ಉಳಿದವರು ನಾಲ್ಕೂವರೆಗೆ. ಐದು ಗಂಟೆ, ಐದೂವರೆ ಗಂಟೆ ನಿದ್ದೆ. ಈ ಕೊರತೆಯನ್ನು ಬಹಳ ಮಂದಿ ತುಂಬಿಸಿಕೊಳ್ಳುವುದು ಫಜರ್ ನಮಾಜಿನ ನಂತರ, ಆರರಿಂದ ಏಳೂವರೆವರೆಗೆ ಇನ್ನೊಂದು ಸಲ ಮಲಗಿ.

ಹಾಗಾಗಿ 'ಹೇಗೂ ಬೇಗ ಏಳ್ತೀರಲ್ಲ, ಏಳೂವರೆಗೇ ಬನ್ನಿ, ಎರಡಕ್ಕೆ ಹೋಗಿ' ಎಂಬ ಏರ್ಪಾಡು ಕಾಗದದ ಮೇಲಷ್ಟೇ ಚೆನ್ನ. ಮೊದಲ ವಾರ ನಡೆಯುತ್ತದೆ. ಎರಡನೇ ವಾರಕ್ಕೆ ಆ ಎರಡನೇ ನಿದ್ದೆ ತಪ್ಪಿದ್ದು ಲೆಕ್ಕದಲ್ಲಿ ಕಾಣಿಸತೊಡಗುತ್ತದೆ, ಅದೂ ಹತ್ತು ಗಂಟೆಯ ಹೊತ್ತಿಗೇ. ಮಧ್ಯಾಹ್ನ ಬರಬೇಕಾದ ತೂಕಡಿಕೆ ಬೆಳಗ್ಗೆಗೆ ಬಂದು ಕೂರುತ್ತದೆ. ಏಳೂವರೆಯ ಬದಲು ಎಂಟೂವರೆ ಎಂದರೆ ಈ ತೊಂದರೆ ಮುಕ್ಕಾಲು ಪಾಲು ಹೋಗುತ್ತದೆ. ಗುಬ್ಬಿ ಕಡೆಯಿಂದ ಬಸ್ಸಿನಲ್ಲಿ ಬರುವವರಿಗೆ ಒಂಬತ್ತಾದರೂ ಅಡ್ಡಿಯಿಲ್ಲ.

ಇನ್ನೊಂದು ಬೇಡಿಕೆ ಪ್ರತಿ ವರ್ಷ ಬರುತ್ತದೆ: 'ಊಟ ಮಾಡಲ್ವಲ್ಲ ಸಾರ್, ಆ ಒಂದು ಗಂಟೆ ಬಿಡುವು ಬೇಡ, ಒಂದೇ ಸಮ ಕೆಲಸ ಮಾಡಿ ಮೂರಕ್ಕೆ ಹೋಗ್ತೀವಿ.' ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯ ಪ್ರಕಾರ ಯಾರೂ ಒಂದೇ ಸಮ 5 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ, ನಡುವೆ ಕನಿಷ್ಠ ಒಂದು ಗಂಟೆ ಬಿಡುವು ಇರಲೇಬೇಕು. ನೌಕರರೇ ಬೇಡ ಎಂದರೂ ಮಾಲೀಕರು ಅದನ್ನು ತೆಗೆಯಬಾರದು. ಕಾನೂನು ಹಾಗಿರಲಿ, ಈ ಬಿಡುವನ್ನು ಉಳಿಸಿಕೊಳ್ಳುವುದರಲ್ಲಿ ಲಾಭವೂ ಇದೆ. ಒಂದರಿಂದ ಎರಡರವರೆಗೆ ಜೊಹರ್ ನಮಾಜು ಇಪ್ಪತ್ತು ನಿಮಿಷ, ಆಮೇಲೆ ಅರ್ಧ ಗಂಟೆ ಕಣ್ಣು ಮುಚ್ಚಿದರೆ ಉಳಿದ ಎರಡು ಗಂಟೆ ಕೆಲಸಕ್ಕೆ ಬರುತ್ತದೆ. ಇದಕ್ಕೆ ಬೇಕಾದದ್ದು ಹಳೇ ಫೈಲು ಇಡುವ ಕೋಣೆಯಲ್ಲಿ ಎರಡು ಚಾಪೆ, ಮತ್ತು ಆ ಹೊತ್ತಿನಲ್ಲಿ ಅದೇ ಕೋಣೆಯಲ್ಲಿ ಟಿಫನ್ ಡಬ್ಬಿ ತೆರೆಯಬಾರದು ಎಂಬ ಒಪ್ಪಂದ. ರೋಜಾ ಇರುವವರು ಅದನ್ನು ಬಾಯಿಬಿಟ್ಟು ಕೇಳುವುದಿಲ್ಲ.

ಹೀಗೆ ನೋಡಿದರೆ ವೇಳೆ ತಾನಾಗಿ ಗೊತ್ತಾಗುತ್ತದೆ. ಬೆಳಗ್ಗೆ 8.30ರಿಂದ 1, ಒಂದು ಗಂಟೆ ಬಿಡುವು, 2ರಿಂದ 4. ಕೂತು ಮಾಡುವ ಕೆಲಸ ಆರೂವರೆ ಗಂಟೆ. ಮಾಮೂಲಿ ದಿನ ಈ ಆಫೀಸು 10ರಿಂದ 6.30, ಊಟದ ಗಂಟೆ ಕಳೆದರೆ ಏಳೂವರೆ. ಹಾಗಾದರೆ ದಿನಕ್ಕೆ ಒಂದು ಗಂಟೆ ನಷ್ಟ ಎಂದು ಮಾಲೀಕರು ಲೆಕ್ಕ ಹಾಕುತ್ತಾರೆ. ಅದು ಪೂರ್ತಿ ಸರಿಯಲ್ಲ. ಮಾಮೂಲಿ ದಿನ ಹನ್ನೊಂದೂವರೆಗೆ ಒಮ್ಮೆ, ನಾಲ್ಕೂವರೆಗೆ ಒಮ್ಮೆ ಟೀಗೆ ಕೆಳಗಿಳಿದು ಬರುವುದಕ್ಕೆ ಒಟ್ಟು ಅರ್ಧ ಗಂಟೆ ಹೋಗುತ್ತದೆ. ರೋಜಾದಲ್ಲಿ ಅದಿಲ್ಲ. ನಿಜವಾದ ನಷ್ಟ ದಿನಕ್ಕೆ ಅರ್ಧ ಗಂಟೆ. ಶುಕ್ರವಾರ ಮಾತ್ರ ಜುಮ್ಮಾಕ್ಕೆ ಇನ್ನೊಂದು ಅರ್ಧ ಗಂಟೆ ಸೇರುತ್ತದೆ. ಕೆಲಸದ ದಿನ 24 ಎಂದಿಟ್ಟುಕೊಂಡರೆ ನಾಲ್ವರಿಂದ ಇಡೀ ತಿಂಗಳಿಗೆ 56 ಗಂಟೆ. ಹತ್ತು ಜನ ಟೀ ಬಿಡುವು ಕಳೆದು ದಿನಕ್ಕೆ ಏಳು ಗಂಟೆಯಂತೆ ತಿಂಗಳಲ್ಲಿ ಮಾಡುವ 1,680 ಗಂಟೆಯಲ್ಲಿ ಇದು ಶೇ 4ಕ್ಕಿಂತ ಕಡಿಮೆ. ಸಂಬಳ ಕತ್ತರಿಸುವ ಮಾತು ಎತ್ತುವುದಕ್ಕೆ ಮುಂಚೆ ಈ ಸಂಖ್ಯೆ ಮಾಲೀಕರ ಕಣ್ಣೆದುರು ಇರಲಿ.

ಹಾಗಾದರೆ ರಂಜಾನ್‌ನಲ್ಲಿ ಇಂಥ ಆಫೀಸುಗಳು ಎಡವುವುದು ಯಾಕೆ? ಗಂಟೆ ಕಮ್ಮಿಯಾದದ್ದರಿಂದಲ್ಲ. ಮಧ್ಯಾಹ್ನ ಎರಡರ ನಂತರ ಆದ ತಪ್ಪನ್ನು ಮಾರನೇ ದಿನ ತಿದ್ದುವುದರಲ್ಲಿ ಆ ಅರ್ಧ ಗಂಟೆಯ ಹತ್ತರಷ್ಟು ಹೋಗುತ್ತದೆ.

ಒಂದು ಬಿಲ್ಲನ್ನೇ ತೆಗೆದುಕೊಳ್ಳಿ. ಅಂತರಸನಹಳ್ಳಿ ಯಾರ್ಡಿನ ಅಡಿಕೆ ವರ್ತಕರೊಬ್ಬರ ಮಾರಾಟದ ಬಿಲ್ಲು, ಕಾರ್ಬನ್ ಪ್ರತಿ, ಅಂಕಿ ಮಾಸಿದೆ. ಮಧ್ಯಾಹ್ನ ಮೂರೂ ಮುಕ್ಕಾಲು, ಗಂಟಲು ಒಣಗಿದೆ. ಎಂಟ್ರಿ ಮಾಡುವವರ ಕೈ 1,08,450 ರೂಪಾಯಿಯನ್ನು 1,80,450 ಎಂದು ಒತ್ತುತ್ತದೆ. ಅದೇ ಕೈ ಖರೀದಿದಾರರ ಜಿಎಸ್‌ಟಿ ನಂಬರಿನಲ್ಲೂ ಒಂದು ಅಕ್ಷರ ತಪ್ಪು ಒತ್ತಿದೆ ಎಂದುಕೊಳ್ಳಿ. ಎರಡೂ ಒಂದೇ ಬಗೆಯ ತಪ್ಪಿನಂತೆ ಕಾಣುತ್ತವೆ, ಆದರೆ ಅವುಗಳ ಹಣೆಬರಹ ಬೇರೆ. ಜಿಎಸ್‌ಟಿ ನಂಬರಿನಲ್ಲಿ 15 ಅಕ್ಷರ. ಮೊದಲ ಎರಡು ರಾಜ್ಯದ್ದು, ಕರ್ನಾಟಕಕ್ಕೆ 29. ಆಮೇಲಿನ ಹತ್ತು ಪ್ಯಾನ್ ನಂಬರು. ಕೊನೆಯದು ಮೊದಲಿನ ಹದಿನಾಲ್ಕರಿಂದ ಲೆಕ್ಕ ಹಾಕಿ ಬರುವ ತಾಳೆ ಅಕ್ಷರ. ನಡುವೆ ಒಂದು ತಪ್ಪಿದರೆ ಕೊನೆಯದು ಹೊಂದುವುದಿಲ್ಲ, ಪೋರ್ಟಲು ಅಲ್ಲೇ ತಡೆಯುತ್ತದೆ. ಮೊತ್ತಕ್ಕೆ ಅಂಥ ಕಾವಲು ಯಾವುದೂ ಇಲ್ಲ. 72,000 ರೂಪಾಯಿ ಹೆಚ್ಚಾಗಿ ಬಿದ್ದ ಮಾರಾಟ ಜಿಎಸ್‌ಟಿಆರ್-1ರಲ್ಲಿ ಹೋಗುತ್ತದೆ, ಅಲ್ಲಿಂದ 3ಬಿಗೆ ತಾನಾಗಿ ಇಳಿಯುತ್ತದೆ. 2025ರ ಜುಲೈ ತಿಂಗಳ ರಿಟರ್ನಿನಿಂದ ಈಚೆಗೆ ಹಾಗೆ ಇಳಿದ ಮಾರಾಟದ ತೆರಿಗೆಯನ್ನು 3ಬಿಯಲ್ಲಿ ಕೈಯಲ್ಲಿ ತಿದ್ದಲು ಬರುವುದಿಲ್ಲ. 3ಬಿ ಹಾಕುವುದಕ್ಕೆ ಮುಂಚೆ ಜಿಎಸ್‌ಟಿಆರ್-1ಎ ತುಂಬಿ ಸರಿಪಡಿಸಬೇಕು. ಅಡಿಕೆಗೆ ಶೇ 5 ತೆರಿಗೆ, ಅಂದರೆ 3,600 ರೂಪಾಯಿ ಸುಮ್ಮನೆ ಹೆಚ್ಚು ಕಟ್ಟುವಂತಾಗುತ್ತದೆ. ವರ್ತಕರು ಫೋನ್ ಮಾಡುತ್ತಾರೆ, ಬಿಲ್ಲು ಹುಡುಕುತ್ತೀರಿ, 1ಎ ತುಂಬುತ್ತೀರಿ, ಮತ್ತೆ ಪರಿಶೀಲನೆ. ಒಂದು ತಪ್ಪಿಗೆ ಒಂದೂವರೆ ಗಂಟೆ.

ಇದರಿಂದ ಒಂದು ನಿಯಮ ಹುಟ್ಟುತ್ತದೆ, ಈ ಲೇಖನದ ಜೀವ ಅದರಲ್ಲಿದೆ: ಮಶೀನು ಹಿಡಿಯಬಲ್ಲ ತಪ್ಪಿನ ಕೆಲಸ ಮಧ್ಯಾಹ್ನಕ್ಕೆ, ಮನುಷ್ಯರ ಕಣ್ಣೇ ಹಿಡಿಯಬೇಕಾದ ತಪ್ಪಿನ ಕೆಲಸ ಬೆಳಗ್ಗೆಗೆ. ಮಾರಾಟದ ಬಿಲ್ಲಿನ ಎಂಟ್ರಿ ಬೆಳಗ್ಗೆ ಆಗಬೇಕು. ಖರೀದಿ ಬಿಲ್ಲಿನ ಎಂಟ್ರಿಯನ್ನು ಧೈರ್ಯವಾಗಿ 2ರ ನಂತರ ಇಡಬಹುದು. ಯಾಕೆಂದರೆ ಮಾರಿದವರು ತಮ್ಮ ಕಡೆಯಿಂದ ಹಾಕಿದ ವಿವರ ಜಿಎಸ್‌ಟಿಆರ್-2ಬಿಯಲ್ಲಿ ಬಂದಿರುತ್ತದೆ, ತಾಳೆ ನೋಡುವಾಗ ನಿಮ್ಮ ಅಂಕಿ ತಪ್ಪಿದ್ದರೆ ಅದು ಎದ್ದು ಕಾಣುತ್ತದೆ. ಎರಡನೇ ಕಣ್ಣು ಆಗಲೇ ಅಲ್ಲಿದೆ. ಬ್ಯಾಂಕ್ ಸ್ಟೇಟ್‌ಮೆಂಟ್ ಎಂಟ್ರಿಯೂ ಹೀಗೆಯೇ: ಕೊನೆಯ ಬಾಕಿ ಹೊಂದದಿದ್ದರೆ ತಪ್ಪಿದೆ ಎಂದು ಅಲ್ಲೇ ತಿಳಿಯುತ್ತದೆ. ಸ್ಕ್ಯಾನ್ ಮಾಡುವುದು, ಫೈಲು ಕಟ್ಟುವುದು, ಬಂದ ಬಿಲ್ಲುಗಳನ್ನು ಪಾರ್ಟಿವಾರು ವಿಂಗಡಿಸುವುದು ಎಲ್ಲ ಮೂರರ ನಂತರದ ಕೆಲಸ. ಹೊಸ ಪಾರ್ಟಿಯ ಖಾತೆ ತೆರೆಯುವುದು ಮಾತ್ರ ಸಣ್ಣದಾಗಿ ಕಂಡರೂ ಬೆಳಗ್ಗೆಯದೇ. ಆಂಧ್ರದ ಹಿಂದೂಪುರದವರಿಗೆ ಮಾರಿದ ಮಾಲಿಗೆ ರಾಜ್ಯ ಕರ್ನಾಟಕ ಎಂದು ಉಳಿದುಬಿಟ್ಟರೆ ಹೊರರಾಜ್ಯದ ಮಾರಾಟದ ಐಜಿಎಸ್‌ಟಿ ಬರಬೇಕಾದಲ್ಲಿ ಒಳರಾಜ್ಯದ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಬೀಳುತ್ತದೆ. ಅದು ಒಂದು ಬಿಲ್ಲಿನ ತಪ್ಪಾಗಿ ನಿಲ್ಲದೆ ಆ ಖಾತೆಯ ಪ್ರತಿ ಬಿಲ್ಲಿಗೂ ಅಂಟಿಕೊಂಡು ಬರುತ್ತದೆ.

ಫೋನಿನ ಕೆಲಸವನ್ನು ಯಾರೂ ಕೆಲಸ ಎಂದು ಎಣಿಸುವುದಿಲ್ಲ. ಆದರೆ ಪಾರ್ಟಿಗಳಿಂದ ಬಿಲ್ಲು ಕೇಳುವುದು, ತೆರಿಗೆ ಮೊತ್ತ ಹೇಳುವುದು, ಓಟಿಪಿ ಪಡೆಯುವುದು ಈ ಆಫೀಸಿನ ಐದನೇ ಒಂದು ಪಾಲು ಹೊತ್ತು ತಿನ್ನುತ್ತದೆ. ನೀರಿಲ್ಲದ ಗಂಟಲಿಗೆ ಮೂವತ್ತು ಫೋನು ಶಿಕ್ಷೆ. ಮಂಡಿಯವರು ಸರಿಯಾಗಿ ಸಿಗುವುದೂ ವ್ಯಾಪಾರದ ಗಲಾಟೆ ಇಳಿದ ಮೇಲೆ, ಮಧ್ಯಾಹ್ನ ಮೂರರ ನಂತರ. ಅದರಿಂದ ಒಂದು ಅದಲುಬದಲು ಮಾಡಬಹುದು. ರೋಜಾ ಇರುವವರು ಬೆಳಗ್ಗೆ ಉಳಿದವರ ತಾಳೆ ಫೈಲುಗಳಲ್ಲಿ ಒಂದಷ್ಟನ್ನು ತಮ್ಮ ಕಡೆ ಎಳೆದುಕೊಳ್ಳುತ್ತಾರೆ, ಅದಕ್ಕೆ ಬದಲಾಗಿ ಅವರ ಪಾರ್ಟಿಗಳ ಫೋನನ್ನು ಉಳಿದವರು ಮೂರರಿಂದ ಆರರವರೆಗೆ ಮಾಡುತ್ತಾರೆ. ಇದು ಉಪಕಾರದ ಲೆಕ್ಕಕ್ಕೆ ಹೋಗದಂತೆ ಫೈಲಿನ ಸಂಖ್ಯೆ ಹಾಕಿ ಬರೆದಿಡುವುದು ಒಳ್ಳೆಯದು. ಉಪಕಾರ ಎಂದುಕೊಂಡು ಮಾಡಿದ್ದು ಹತ್ತನೇ ದಿನಕ್ಕೆ ಗೊಣಗಾಟವಾಗುತ್ತದೆ.

ಪಾರ್ಟಿಗಳಲ್ಲೂ ರೋಜಾ ಇರುವವರು ಅನೇಕರು. ಸಂಜೆ ಆರರಿಂದ ಏಳು, ರಾತ್ರಿ ಎಂಟರಿಂದ ಹತ್ತು ಅವರ ಫೋನು ಎತ್ತುವವರಿಲ್ಲ. ಕೊನೆಯ ದಿನ ಸಂಜೆ ಪೋರ್ಟಲು ತೆವಳುವಾಗ ಓಟಿಪಿಗೆ ಕಾದು ಕೂರುವ ಅಭ್ಯಾಸ ಇದ್ದವರಿಗೆ ಈ ತಿಂಗಳು ಅದು ನಡೆಯುವುದಿಲ್ಲ. ರಿಟರ್ನ್ ಸಲ್ಲಿಸುವುದು ಬೆಳಗ್ಗೆ 9ರಿಂದ 11ರೊಳಗೆ ಎಂದು ಗೊತ್ತು ಮಾಡಿ, ಹಿಂದಿನ ಸಂಜೆಯೇ ವಾಟ್ಸಾಪಿನಲ್ಲಿ 'ನಾಳೆ ಒಂಬತ್ತರಿಂದ ಹನ್ನೊಂದರೊಳಗೆ ಓಟಿಪಿ ಬರುತ್ತೆ, ಫೋನ್ ಹತ್ರ ಇಟ್ಕೊಳ್ಳಿ' ಎಂದು ಹಾಕಿಬಿಡಬೇಕು.

ಈಗ ಕ್ಯಾಲೆಂಡರು. ರಂಜಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ತೆರಿಗೆಯ ತಾರೀಖುಗಳು ನಿಂತಲ್ಲೇ ನಿಂತಿರುತ್ತವೆ. ಎರಡು ಎಲ್ಲಿ ಡಿಕ್ಕಿ ಹೊಡೆಯುತ್ತವೆ ಎಂದು ಮೊದಲೇ ನೋಡಿಕೊಳ್ಳಬಹುದು. 2027ರಲ್ಲಿ ಇಲ್ಲಿ ಮೊದಲ ರೋಜಾ ಫೆಬ್ರುವರಿ 9ರ ಸುಮಾರಿಗೆ. ಚಂದ್ರ ಕಂಡದ್ದರ ಮೇಲೆ ಒಂದು ದಿನ ಆಚೀಚೆ ಆದೀತು. 9 ಎಂದಿಟ್ಟುಕೊಂಡರೆ ಮೂರನೇ ರೋಜಾ ದಿನವೇ ಜಿಎಸ್‌ಟಿಆರ್-1ರ ಗಡುವು. ಇಡೀ ತಿಂಗಳಲ್ಲಿ ತಲೆ ಅತ್ಯಂತ ಭಾರವಾಗಿರುವ ದಿನಗಳು ಯಾವುವು ಎಂದು ಕೇಳಿದರೆ ಮೊದಲ ಮೂರು ದಿನ. ಹಸಿವಿಗಿಂತ ಹೆಚ್ಚಾಗಿ ಕಾಫಿ–ಟೀ ಒಮ್ಮೆಗೇ ನಿಂತ ತಲೆನೋವು ಅದು. ದಿನಕ್ಕೆ ನಾಲ್ಕೈದು ಲೋಟ ಕುಡಿಯುವವರಿಗೆ ಮಧ್ಯಾಹ್ನದ ಹೊತ್ತಿಗೆ ಹಣೆಯಲ್ಲಿ ಹಿಡಿದುಕೊಳ್ಳುತ್ತದೆ. ಒಂದು ವಾರ ಮುಂಚೆಯಿಂದ ಒಂದೊಂದೇ ಲೋಟ ಕಡಿಮೆ ಮಾಡುತ್ತ ಬಂದವರಿಗೆ ಇದು ಬಹುಪಾಲು ತಪ್ಪುತ್ತದೆ. ಆಫೀಸಿನ ಕಡೆಯಿಂದ ಆಗಬೇಕಾದದ್ದು, ಆ ಸಲದ ಜಿಎಸ್‌ಟಿಆರ್-1ನ್ನು 8ನೇ ತಾರೀಖು ಸೋಮವಾರದೊಳಗೆ ಮುಗಿಸುವುದು. ಅದಕ್ಕೆ ಪಾರ್ಟಿಗಳು ಮಾಮೂಲಿಯಾಗಿ 7ಕ್ಕೆ ಕೊಡುವ ಬಿಲ್ಲನ್ನು 3ಕ್ಕೆ ಕೊಡಬೇಕು. ಜನವರಿ ಕೊನೆಯ ವಾರದಲ್ಲೇ ಹೇಳದಿದ್ದರೆ ಯಾರೂ ಕೊಡುವುದಿಲ್ಲ. ಹೇಳಿದರೂ ಮೂವತ್ತು ಜನ ಕೊಡುವುದಿಲ್ಲ. ಆ ಮೂವತ್ತು ಫೈಲು 9ರಿಂದ 11ನೇ ತಾರೀಖಿನವರೆಗೆ ಉಳಿದ ಆರು ಜನರ ಪಾಲಿಗೆ ಎಂದು ಮೊದಲೇ ತೀರ್ಮಾನಿಸಿರಬೇಕು.

3ಬಿ ವಾರವೇ ನಿಜವಾದ ಪರೀಕ್ಷೆ, ಅದನ್ನು ನಿಧಾನವಾಗಿ ನೋಡೋಣ. 2ಬಿ ತಯಾರಾಗುವುದು 14ಕ್ಕೆ, 2027ರ ಫೆಬ್ರುವರಿಯಲ್ಲಿ ಅದು ಭಾನುವಾರ. 20 ಶನಿವಾರ. ಸಾಮಾನ್ಯವಾಗಿ ಸೋಮವಾರ ತಾಳೆ ಶುರುಮಾಡಿ ಶನಿವಾರ ಸಂಜೆ ಎಂಟರವರೆಗೆ ಎಳೆಯುವುದು ರೂಢಿ. ಈ ತಿಂಗಳು ಶುಕ್ರವಾರ 19ಕ್ಕೆ ಮುಗಿಯಬೇಕು, ಅದೂ ಜುಮ್ಮಾಕ್ಕೆ ಮುಂಚೆ. ಒಂದು ಫೈಲು ನಾಲ್ಕು ಹಂತ ದಾಟಬೇಕು: ಒಂದು ದಿನ ತಾಳೆ, ಮಾರನೇ ಬೆಳಗ್ಗೆ ಪರಿಶೀಲನೆ, ಅದಾದ ಮಧ್ಯಾಹ್ನ ಪಾರ್ಟಿಗೆ ಮೊತ್ತ ಹೇಳಿ ದುಡ್ಡು ಕಟ್ಟಿಸುವುದು, ಅದರ ಮಾರನೇ ಬೆಳಗ್ಗೆ ಸಲ್ಲಿಕೆ. ಪರಿಶೀಲನೆಗೆ ಮುಂಚೆ ಮೊತ್ತ ಹೇಳುವ ಆತುರ ಬೇಡ. ಒಮ್ಮೆ ಹೇಳಿದ ಮೊತ್ತ ಬದಲಾದರೆ ಆ ಪಾರ್ಟಿಗೆ ಮುಂದಿನ ಮೂರು ತಿಂಗಳು ಪ್ರತಿ ಅಂಕಿಗೂ ವಿವರಣೆ ಕೊಡಬೇಕಾಗುತ್ತದೆ.

ಶುಕ್ರವಾರ ಮುಗಿಯಬೇಕೆಂದರೆ ತಾಳೆ ಶನಿವಾರ 13ಕ್ಕೇ ಶುರುವಾಗಬೇಕು. 2ಬಿ ಇನ್ನೂ ಬಂದಿರುವುದಿಲ್ಲ, ನಿಜ. ಆದರೆ ಮಾರಾಟಗಾರರಲ್ಲಿ ಹೆಚ್ಚಿನವರು 11ಕ್ಕೆ ಜಿಎಸ್‌ಟಿಆರ್-1 ಹಾಕಿಬಿಟ್ಟಿರುತ್ತಾರೆ, ಅವರ ಬಿಲ್ಲುಗಳು, ಮಾರಿದವರು ಹಾಕುತ್ತಿದ್ದಂತೆ ತುಂಬಿಕೊಳ್ಳುವ ಜಿಎಸ್‌ಟಿಆರ್-2ಎಯಲ್ಲಿ ಆಗಲೇ ಕಾಣುತ್ತವೆ. ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಸಣ್ಣ ಮಾರಾಟಗಾರರಿಗೆ ಬಿಲ್ಲಿನ ವಿವರ ಹಾಕಲು 13ರವರೆಗೆ ಸಮಯವಿದೆ, ಅವರ ಸಾಲುಗಳು ಮಾತ್ರ ಬಾಕಿ ಉಳಿಯುತ್ತವೆ. ಹಾಗಾಗಿ ಶನಿವಾರಕ್ಕೆ ದೊಡ್ಡ ಮಾರಾಟಗಾರರಿಂದಲೇ ಕೊಳ್ಳುವ 30 ಪಾರ್ಟಿಗಳನ್ನು ಆರಿಸಿಕೊಳ್ಳಬೇಕು. ಸಿಮೆಂಟ್, ಟೈರು, ಎಲೆಕ್ಟ್ರಿಕಲ್ ಸಾಮಾನಿನ ಡೀಲರುಗಳು ಇದಕ್ಕೆ ಸರಿ. ಸೋಮವಾರ 2ಬಿ ಇಳಿಸಿ, ಬಾಕಿ ಸಾಲುಗಳನ್ನಷ್ಟೇ ಹೊಂದಿಸಿದರೆ ಆಯಿತು.

ಶನಿವಾರ, ಸೋಮವಾರ, ಮಂಗಳವಾರ, ಬುಧವಾರ. ನಾಲ್ಕು ದಿನ, ದಿನಕ್ಕೆ 30 ಫೈಲು. ಒಂದರ ತಾಳೆಗೆ ಸರಾಸರಿ 40 ನಿಮಿಷ ಹಿಡಿದರೆ ಒಟ್ಟು 80 ಗಂಟೆ ಬೇಕು. ರೋಜಾ ಇರುವ ಇಬ್ಬರು ಬೆಳಗಿನ ನಾಲ್ಕೂವರೆ ಗಂಟೆಯನ್ನು ಪೂರ್ತಿ ಇದಕ್ಕೇ ಕೊಟ್ಟರೆ ನಾಲ್ಕು ದಿನಕ್ಕೆ 36 ಗಂಟೆ. ಉಳಿದವರಲ್ಲಿ ಮೂವರು ದಿನಕ್ಕೆ ನಾಲ್ಕು ಗಂಟೆ ಕೊಟ್ಟರೆ 48. ಒಟ್ಟು 84, ನಾಲ್ಕು ಗಂಟೆ ಮಿಗುತ್ತದೆ. ಗಮನಿಸಬೇಕಾದದ್ದು ಏನೆಂದರೆ, ಬೆಳಗ್ಗೆ ಎಂಟೂವರೆಯಿಂದ ಹತ್ತರವರೆಗೆ ಆಫೀಸಿನಲ್ಲಿ ಇರುವುದು ಈ ನಾಲ್ವರೇ. ಫೋನಿಲ್ಲ, ಪಾರ್ಟಿ ಬರುವುದಿಲ್ಲ. ಆ ಒಂದೂವರೆ ಗಂಟೆಯಲ್ಲಿ ಆಗುವಷ್ಟು ಫೈಲು ಹತ್ತರ ನಂತರದ ಎರಡೂವರೆ ಗಂಟೆಯಲ್ಲಿ ಆಗುವುದಿಲ್ಲ. ಇದು ರೋಜಾ ಇಲ್ಲದ ತಿಂಗಳಿಗೂ ನಿಜ, ಆದರೆ ಆಗ ಯಾರೂ ಎಂಟೂವರೆಗೆ ಬರುವುದಿಲ್ಲ.

ಪರಿಶೀಲನೆ ಸೋಮವಾರದಿಂದ ಗುರುವಾರ, ಬೆಳಗ್ಗೆ ಮಾತ್ರ. ಒಂದಕ್ಕೆ ಹತ್ತು ನಿಮಿಷ ಹಿಡಿದು 90 ಫೈಲಿಗೆ 15 ಗಂಟೆ, ನಾಲ್ಕು ಬೆಳಗಿನಲ್ಲಿ 18 ಗಂಟೆ ಇದೆ. ಉಳಿದ 30 ದೊಡ್ಡ ಫೈಲು ಮಾಲೀಕರೇ ನೋಡಬೇಕು, ಹೇಗೂ ಅವರೇ ನೋಡುವಂಥವು. ಒಂದು ಗಂಟೆ ಹೊಡೆದ ಮೇಲೆ ಪರಿಶೀಲಕರ ಮೇಜಿನ ಮೇಲೆ ಫೈಲು ಇಡಬಾರದು ಎಂಬುದು ಕಟ್ಟುನಿಟ್ಟು. ಇದನ್ನು ಮುರಿಯುವವರು ಸಾಮಾನ್ಯವಾಗಿ ಮಾಲೀಕರೇ: 'ಇದೊಂದು ನೋಡಿಬಿಡಪ್ಪ, ಅರ್ಜೆಂಟು.' ಮೂರೂವರೆಗೆ ನೋಡಿದ ಫೈಲಿನ ಮೇಲೆ ಸಹಿ ಬೀಳುತ್ತದೆ, ಕಣ್ಣು ಬಿದ್ದಿರುವುದಿಲ್ಲ.

ರಂಜಾನಿನ ಕೊನೆಯ ಹತ್ತು ದಿನಗಳದ್ದು ಬೇರೆಯೇ ಕಥೆ. ಬೆಸ ರಾತ್ರಿಗಳಲ್ಲಿ ಎಚ್ಚರವಿದ್ದು ಪ್ರಾರ್ಥನೆ, ಹಬ್ಬದ ಬಟ್ಟೆಬರೆ. ನಿದ್ದೆ ನಾಲ್ಕು ಗಂಟೆಗೆ ಇಳಿಯುತ್ತದೆ. 2027ರಲ್ಲಿ ಇದಕ್ಕೆ ಇನ್ನೊಂದು ಸೇರಿದೆ. ಮಾರ್ಚ್ 6 ಶನಿವಾರ ಮಹಾಶಿವರಾತ್ರಿ. ರೋಜಾ 9ಕ್ಕೆ ಶುರುವಾದರೆ 27ನೇ ರಾತ್ರಿ, ಷಬೆ ಖದ್ರ್ ಎಂದು ಹೆಚ್ಚಿನವರು ಆಚರಿಸುವ ರಾತ್ರಿ, ಅದೇ ಶನಿವಾರದ್ದು. ಸಿದ್ಧಗಂಗೆಯ ಜಾತ್ರೆಯೂ ಆ ದಿನಗಳದ್ದೇ. ಒಂದೇ ರಾತ್ರಿ ಆಫೀಸಿನ ಒಂದು ಅರ್ಧ ಜಾಗರಣೆಯಲ್ಲಿ, ಇನ್ನೊಂದು ಅರ್ಧ ಮಸೀದಿಯಲ್ಲಿ. ಮಾರನೇ ದಿನ ಭಾನುವಾರ, 7ನೇ ತಾರೀಖು, ಫೆಬ್ರುವರಿಯ ಟಿಡಿಎಸ್ ಕಟ್ಟಲು ಕೊನೆಯ ದಿನ. ಇದನ್ನು ಶುಕ್ರವಾರ 5ರೊಳಗೆ, ಸಾಧ್ಯವಾದರೆ ಗುರುವಾರವೇ ಕಟ್ಟಿಸಿಬಿಡಬೇಕು. ಆಮೇಲೆ ಹಬ್ಬ ಮಾರ್ಚ್ 10 ಬುಧವಾರದ ಸುಮಾರಿಗೆ, 11 ಗುರುವಾರ ಮತ್ತೆ ಜಿಎಸ್‌ಟಿಆರ್-1. ಹಬ್ಬದ ಮಾರನೇ ದಿನ ಆ ನಾಲ್ವರು ಎಂಟೂವರೆಗೆ ಬರುತ್ತಾರೆ ಎಂದು ನಂಬಿ ಯೋಜನೆ ಹಾಕುವವರಿಗೆ ಈ ಊರು ಗೊತ್ತಿಲ್ಲ ಎಂದೇ ಅರ್ಥ. ಆ ತಿಂಗಳ ಜಿಎಸ್‌ಟಿಆರ್-1ರಲ್ಲಿ ಅವರ ಪಾಲು 5ರವರೆಗಿನದು ಮಾತ್ರ. 8, 9, 11 ಉಳಿದವರದು. ಅದಕ್ಕೆ ಪ್ರತಿಯಾಗಿ ಯುಗಾದಿಯ ಹಿಂದುಮುಂದಿನ ದಿನಗಳಲ್ಲಿ ಆಫೀಸು ಕಾಯುವುದು ಇವರು, ಮಾರ್ಚ್ ಕೊನೆಯ ಗಡಿಬಿಡಿಯಲ್ಲಿ ಸಂಜೆ ಏಳರವರೆಗೆ ಕೂರುವ ಪಾಳಿಯಲ್ಲೂ ಮೊದಲ ಹೆಸರು ಇವರದು. ಇದು ಬಾಯಿಮಾತಲ್ಲಿ ನಿಲ್ಲದೆ ಫೆಬ್ರುವರಿ ಮೊದಲ ವಾರದಲ್ಲೇ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿರಬೇಕು.

ವೇಳೆ ಕಡಿತ ರೋಜಾ ಇರುವವರಿಗೆ ಮಾತ್ರವೋ, ಎಲ್ಲರಿಗೂ ಸೇರಿಯೋ? ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಖಾಸಗಿ ವಲಯದ ಎಲ್ಲ ನೌಕರರಿಗೂ ಉಪವಾಸವಿರಲಿ ಬಿಡಲಿ ದಿನಕ್ಕೆ 2 ಗಂಟೆ ಕಡಿಮೆ. ಸೌದಿ ಅರೇಬಿಯಾದ ಕಾನೂನು ಮುಸ್ಲಿಂ ನೌಕರರಿಗೆ ಮಾತ್ರ ದಿನಕ್ಕೆ 6 ಗಂಟೆಯ ಮಿತಿ ಹಾಕುತ್ತದೆ. ತೆಲಂಗಾಣದ್ದು ಎರಡನೆಯ ಬಗೆ. ಹತ್ತು ಜನರ ಆಫೀಸಿಗೆ ಎರಡೂ ಹಾಗೆಯೇ ಹೊಂದುವುದಿಲ್ಲ. ಎಲ್ಲರಿಗೂ 4ಕ್ಕೆ ಬಾಗಿಲು ಹಾಕಿದರೆ ಮಂಡಿಯವರು ಫೋನಿಗೆ ಸಿಗುವ ಹೊತ್ತಿಗೆ ಆಫೀಸು ಖಾಲಿ. ನಾಲ್ವರಿಗೆ ಮಾತ್ರ ಎಂದರೆ, ಸಂಜೆ ಮಕ್ಕಳನ್ನು ಶಾಲೆಯಿಂದ ಕರೆತರಬೇಕಾದ ಅಕ್ಕಂದಿರು 'ನಮಗ್ಯಾಕಿಲ್ಲ' ಎಂದು ಕೇಳುತ್ತಾರೆ, ಕೇಳುವುದು ಸರಿಯೇ. 8.30–4ರ ಪಾಳಿಯನ್ನು ಬೇಕೆಂದವರಿಗೆಲ್ಲ ತೆರೆದಿಡಿ, ಆದರೆ ಸಂಜೆ 6.30ರವರೆಗೆ ಕನಿಷ್ಠ ನಾಲ್ವರು ಇರಲೇಬೇಕು ಎಂದು ಕಟ್ಟು ಹಾಕಿ. 10ರಿಂದ 1ರವರೆಗೆ ಎಲ್ಲರೂ ಇರುವ ಹೊತ್ತು. ಮೀಟಿಂಗು, ಸಂಶಯ ಕೇಳುವುದು, ಮಾಲೀಕರ ಸಹಿ ಎಲ್ಲ ಅದರೊಳಗೇ ಮುಗಿಯಲಿ.

ಏರ್ಪಾಡು ಕೆಟ್ಟಿದೆಯೋ ಇಲ್ಲವೋ ತಿಳಿಯಲು ಹಾಜರಿ ಪುಸ್ತಕ ಪ್ರಯೋಜನಕ್ಕೆ ಬರುವುದಿಲ್ಲ. ಪ್ರತಿ ಫೈಲಿನ ಮೇಲೆ ಒಂದು ಚೀಟಿ ಅಂಟಿಸಿ, ಅದರಲ್ಲಿ ತಾಳೆ ಮುಗಿದ ವೇಳೆ, ಪರಿಶೀಲಿಸಿದ ವೇಳೆ, ವಾಪಸ್ ಬಂದಿದ್ದರೆ ಯಾಕೆ ಎಂಬ ಒಂದು ಪದ ಬರೆಸಿದರೆ ಸಾಕು. ಹೆಸರು ಬೇಡ. ಹೆಸರು ಬರೆಸಿದ ಕೂಡಲೇ ವೇಳೆ ಸುಳ್ಳಾಗುತ್ತದೆ. ವಾರದ ಕೊನೆಯಲ್ಲಿ ವಾಪಸ್ ಬಂದ ಚೀಟಿಗಳನ್ನು ವೇಳೆಯ ಪ್ರಕಾರ ಮೂರು ಗುಂಪು ಮಾಡಿ: 11ರೊಳಗಿನವು, 11ರಿಂದ 1, 2ರ ನಂತರದವು. 2ರ ನಂತರದವು ಹೆಚ್ಚಿದ್ದರೆ ಬೆಳಗಿನ ಕೆಲಸ ಮಧ್ಯಾಹ್ನಕ್ಕೆ ಜಾರಿದೆ. ಹನ್ನೊಂದರೊಳಗಿನವು ಹೆಚ್ಚಿದ್ದರೆ ತೊಂದರೆ ನಿದ್ದೆಯದು, ವೇಳೆಯನ್ನು ಎಂಟೂವರೆಯಿಂದ ಒಂಬತ್ತಕ್ಕೆ ತಳ್ಳಿ ನೋಡಬೇಕು. ಯಾವ ಗುಂಪೂ ಹೆಚ್ಚಿಲ್ಲ, ಆದರೂ ಸಂಜೆ ಏಳಕ್ಕೆ ದೀಪ ಉರಿಯುತ್ತಿದೆ ಎಂದರೆ ಅಲ್ಲಿ ಕೂತವರು ಯಾರು ಎಂದು ನೋಡಿ. ಪ್ರತಿ ದಿನ ಅದೇ ಇಬ್ಬರು ಇದ್ದರೆ ನಾಲ್ವರ ಉಳಿಕೆ ಕೆಲಸ ಸದ್ದಿಲ್ಲದೆ ಅವರ ಮೇಲೆ ಬಿದ್ದಿದೆ.

ಈ ಲೆಕ್ಕ ನಿಲ್ಲದ ಕಡೆಯೂ ಇದೆ. ಹತ್ತರಲ್ಲಿ ಎಂಟು ಜನ ರೋಜಾ ಇರುವ ಆಫೀಸಿನಲ್ಲಿ ಫೋನಿನ ಅದಲುಬದಲು ನಡೆಯುವುದಿಲ್ಲ, ಅದಲು ಮಾಡಿಕೊಳ್ಳಲು ಜನವೇ ಇರುವುದಿಲ್ಲ. ಅಲ್ಲಿ ಫೋನನ್ನೇ ಮಧ್ಯಾಹ್ನ ಹನ್ನೆರಡರಿಂದ ಒಂದರ ಒಂದು ಗಂಟೆಗೆ ಒಟ್ಟುಗೂಡಿಸಿ, ಉಳಿದದ್ದನ್ನು ವಾಟ್ಸಾಪಿಗೆ ಬಿಡಬೇಕಾಗುತ್ತದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುತ್ತ ವೈದ್ಯರ ಸಲಹೆಯ ಮೇಲೆ ರೋಜಾ ಇರುವವರಿದ್ದರೆ ಅವರ ಮೇಜು ಒಳಗಿನ ಕೋಣೆಯ ಮೂಲೆಯಿಂದ ನಾಲ್ಕು ಜನರ ಕಣ್ಣಿಗೆ ಬೀಳುವ ಜಾಗಕ್ಕೆ ಬರಲಿ. ಮಧ್ಯಾಹ್ನ ಕೈ ನಡುಗಿ, ಬೆವರಿ, ಮಾತು ತೊದಲಿದರೆ ಸಕ್ಕರೆ ಇಳಿದಿದೆ. ಆಗ ಉಪವಾಸ ಬಿಡಬಹುದು ಎಂಬುದು ಅವರಿಗೂ ಗೊತ್ತಿರುತ್ತದೆ. ಪಕ್ಕದವರು ಒಂದು ಲೋಟ ಸಕ್ಕರೆ ನೀರು ಹಿಡಿದು ನಿಂತರೆ ಬೇಗ ಒಪ್ಪುತ್ತಾರೆ.